ಶೇಂಗಾ ಹೋಳಿಗೆ ಆರ್ಡರ್: ನನ್ನ ಅನುಭವ

ಕಲಬುರಗಿಯಲ್ಲಿ ಮದುವೆ ಮನೆಯವರು ಶೇಂಗಾ ಹೋಳಿಗೆ ಕೇಳುವುದಕ್ಕೆ ರುಚಿ ಒಂದೇ ಕಾರಣ ಅಲ್ಲ. ಬೇಳೆ ಹೋಳಿಗೆ ಒಂದೆರಡು ದಿನಕ್ಕೇ ಹಳಸುತ್ತದೆ, ಇದು ಹತ್ತು ದಿನ ಇರುತ್ತದೆ, ಯಾಕಂದ್ರೆ ಹೂರಣಕ್ಕೆ ನೀರು ಬೀಳುವುದಿಲ್ಲ. ಆದರೆ ನನ್ನ ಮೊದಲ ದೊಡ್ಡ ಆರ್ಡರ್ ಮೂರೇ ದಿನಕ್ಕೆ ಕೆಟ್ಟಿತು. ಒಂದು ಕುಬುಸದ ಮನೆಗೆ 120 ಹೋಳಿಗೆ ಕಳಿಸಿದ್ದೆ. "ಅಕ್ಕಾ, ಹೋಳಿಗಿ ಒಂದಕ್ಕೊಂದು ಅಂಟ್ಯಾವು, ಮ್ಯಾಲೆ ಬೆಳ್ಳಗ ಬೂಸ್ಟು ಬಂದದ" ಅಂತ ಫೋನ್ ಬಂತು. ನನಗೆ ಅಳುವೇ ಬಂತು. ಪೂರ್ತಿ ದುಡ್ಡು ವಾಪಸ್ ಕೊಟ್ಟೆ.

ತಪ್ಪು ಪ್ಯಾಕಿಂಗ್‌ನಲ್ಲಿತ್ತು. ರಾತ್ರಿ ತಡವಾಯಿತು ಅಂತ ಬೆಚ್ಚಗಿದ್ದಾಗಲೇ ಪ್ಲಾಸ್ಟಿಕ್ ಕವರಿಗೆ ತುಂಬಿದ್ದೆ. ಆವಿ ಒಳಗೇ ನೀರಾಯಿತು. ಈಗ ಹಂಚಿನಿಂದ ತೆಗೆದವನ್ನು ಒಣ ಹತ್ತಿ ಬಟ್ಟೆ ಮೇಲೆ ಒಂದೊಂದಾಗಿ ಹರಡಿ, ಫ್ಯಾನ್ ಕೆಳಗೆ ಮೂರು ತಾಸು ಬಿಡುತ್ತೇನೆ. ಹಿಂಬದಿಯನ್ನು ಕೆನ್ನೆಗೆ ಹಿಡಿದು ನೋಡುತ್ತೇನೆ. ಚೂರು ಬೆಚ್ಚಗಿದ್ದರೂ ಡಬ್ಬಿಗೆ ಹಾಕುವುದಿಲ್ಲ.

ಹೂರಣದಲ್ಲೂ ಎಚ್ಚರ ಬೇಕು. ಶೇಂಗಾ ಸಣ್ಣ ಉರಿಯಲ್ಲೇ ಹುರಿಯಬೇಕು. ಉಜ್ಜಿದರೆ ಸಿಪ್ಪೆ ತಾನಾಗಿ ಬಿಡಬೇಕು, ಕಚ್ಚಿದರೆ ಕಟ್ ಅನ್ನಬೇಕು. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಲ್ಲ ಒಣಗಿದ್ದೇ ಬೇಕು, ಕೈಗೆ ಅಂಟುವ ಬೆಲ್ಲ ಅಗ್ಗ ಸಿಕ್ಕರೂ ನಾನು ತರುವುದಿಲ್ಲ. ಹೂರಣ ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿಂದ ಒತ್ತಿದರೆ ಪುಡಿಯಾಗಬೇಕು.

ಇನ್ನು ರೇಟು. ಮೊದಲು ಸುಮ್ನೆ ಅಂದಾಜಿಗೆ ಒಂದಕ್ಕೆ 8 ರೂಪಾಯಿ ಹೇಳುತ್ತಿದ್ದೆ. ಒಂದು ದಿನ ತೂಕ ಮಾಡಿ ಕೂತೆ. ಒಂದು ಕಿಲೋ ಶೇಂಗಾ ಹುರಿದು ಸಿಪ್ಪೆ ತೆಗೆದರೆ ಸುಮಾರು 900 ಗ್ರಾಂ ಉಳಿಯುತ್ತದೆ, ಅದಕ್ಕೆ 800 ಗ್ರಾಂ ಬೆಲ್ಲ, 100 ಗ್ರಾಂ ಎಳ್ಳು, ಒಂದಕ್ಕೆ 30 ಗ್ರಾಂ ಹೂರಣ ಅಂದರೆ 60 ಹೋಳಿಗೆ. ಕಣಕದ ಹಿಟ್ಟು, ಏಲಕ್ಕಿ, ಗ್ಯಾಸ್, ಡಬ್ಬಿ ಎಲ್ಲ ಸೇರಿ ನನಗೆ 350 ರೂಪಾಯಿ ಬಿತ್ತು. 480 ಬಂದರೆ ಉಳಿಯುವುದು 130, ಅದೂ ಅರ್ಧ ದಿನ ಬೆನ್ನು ಬಗ್ಗಿಸಿದ್ದಕ್ಕೆ! ಅವತ್ತಿನಿಂದ 12 ಮಾಡಿದೆ. ಇಬ್ಬರು ಬಿಟ್ಟು ಹೋದರು, ಉಳಿದವರು ಬಂದೇ ಬರುತ್ತಾರೆ.

ಹೋದ ಬೇಸಿಗೆಯಲ್ಲಿ ಒಂದು ಮದುವೆಗೆ 300 ಕೇಳಿದರು. 3,600 ರೂಪಾಯಿಯಲ್ಲಿ ಅರ್ಧ ಮುಂಗಡ ತಗೊಂಡೇ ಗಂಜ್ ಮಾರ್ಕೆಟ್ಟಿಗೆ ಹೋಗಿ ಐದು ಕಿಲೋ ಶೇಂಗಾ ತಂದೆ. ಮೊದಲ ದಿನ ಹೂರಣ ಅಷ್ಟೇ. ಮರುದಿನ ಪಕ್ಕದ ಮನೆ ವೈನಿ ಲಟ್ಟಿಸಿದರು, ನಾನು ಬೇಯಿಸಿದೆ. ಅವರ ಕೂಲಿ 500 ಕೊಟ್ಟು, ಸಾಮಾನಿನ ಖರ್ಚು ಕಳೆದು 1,350 ಉಳಿಯಿತು.

ಪಂಚಮಿ ಹೊತ್ತಿಗೆ ಮಾತ್ರ ಹತ್ತು ದಿನದ ಮಾತು ಕೊಡುವುದಿಲ್ಲ. ಮಳೆಗಾಲದ ಹವೆಯಲ್ಲಿ ತೇವ ಜಾಸ್ತಿ. ಐದು ದಿನದಲ್ಲಿ ತಿಂದು ಮುಗಿಸಿ ಅಂತ ಡಬ್ಬಿ ಮೇಲೆ ತಾರೀಖು ಬರೆದು ಕೊಡುತ್ತೇನೆ.