ರೇಟಿನ ಬೋರ್ಡಿಗಿಂತ ಮೊದಲು ಮಘೆ ಮಳೆ ನೋಡುತ್ತೇನೆ

2023ರ ದೀಪಾವಳಿಗೆ 22 ಕ್ಯಾರೆಟ್ ಬಂಗಾರ ಗ್ರಾಮಿಗೆ ಸುಮಾರು 5,600 ರೂಪಾಯಿ ಇತ್ತು. ಮರುವರ್ಷದ ದೀಪಾವಳಿಗೆ 7,400ರ ಆಸುಪಾಸಿಗೆ ಬಂತು. ಬಂಗಾರ ಅಗ್ಗವಿದ್ದ ವರ್ಷ ಅಂಗಡಿ ತುಂಬಬೇಕಿತ್ತು, ಅಲ್ವಾ? ಆಗಿದ್ದು ಉಲ್ಟಾ. 2023ರಲ್ಲಿ ನನ್ನ ಕೌಂಟರ್ ಖಾಲಿ ಹೊಡೆಯಿತು. 2024ರಲ್ಲಿ ಹಳ್ಳಿಯ ಜನ ಬಂದರು, ರೇಟು ಕೇಳಿ ಹುಬ್ಬೇರಿಸಿದರು, ಆಮೇಲೆ ಕೊಂಡರು.

ನನ್ನದು ಹಾವೇರಿ ಜಿಲ್ಲೆಯ ತಾಲ್ಲೂಕು ಪಟ್ಟಣದಲ್ಲಿರೋ ಸಣ್ಣ ಬಂಗಾರದ ಅಂಗಡಿ. ಬರುವವರಲ್ಲಿ ಹೆಚ್ಚಿನವರು ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವವರು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಸಾರಿತ್ತು. ಜೋಳದ ತೆನೆ ಕಾಳು ಕಟ್ಟಿರಲಿಲ್ಲ. ಬಂಗಾರ ಅಗ್ಗ ಅನ್ನೋದನ್ನು ಯಾರು ಕಟ್ಟಿಕೊಂಡು ಏನು ಮಾಡಬೇಕು?

ಇದನ್ನು ಒಂದು ಮನೆಯ ಲೆಕ್ಕದಲ್ಲಿ ನೋಡಿದರೆ ಸರಿಯಾಗಿ ತಿಳಿಯುತ್ತದೆ. ನಾಲ್ಕು ಎಕರೆ ಮಳೆಯಾಶ್ರಿತ ಗೋವಿನಜೋಳ ಅಂದುಕೊಳ್ಳಿ. ಎಕರೆಗೆ 20 ಕ್ವಿಂಟಲ್ ಬಂದರೆ ಒಟ್ಟು 80 ಕ್ವಿಂಟಲ್. ಕ್ವಿಂಟಲ್‌ಗೆ 2,200 ರೂಪಾಯಿ ಸಿಕ್ಕರೆ 1,76,000. ಬೀಜ, ಗೊಬ್ಬರ, ಗಳೇವು, ಆಳು, ರಾಶಿ ಮಷಿನ್ ಬಾಡಿಗೆ ಎಲ್ಲ ಸೇರಿ ಎಕರೆಗೆ 20,000 ಹಿಡಿದರೆ 80,000 ಹೋಯಿತು. ಅದರಲ್ಲಿ ದೊಡ್ಡ ಪಾಲು ಗೊಬ್ಬರದ ಅಂಗಡಿಯ ಉದ್ರಿ, ಇಲ್ಲವೇ ದಲಾಲಿ ಅಂಗಡಿಯಲ್ಲಿ ಮುಂಗಡ ತಂದ ದುಡ್ಡು. ಪಟ್ಟಿ ಬರೆಯುವಾಗಲೇ ದಲಾಲರು ತಮ್ಮದನ್ನು ಮುರಿದುಕೊಳ್ಳುತ್ತಾರೆ. ಉಳಿದದ್ದು 96,000. ಮನೆ ಖರ್ಚು, ಮಕ್ಕಳ ಫೀಸು, ಸಂಘದ ಕಂತು ಕಳೆದರೆ ಬಂಗಾರಕ್ಕೆ 40,000 ತೆಗೆಯಬಹುದು.

ರೇಟು ಗ್ರಾಮಿಗೆ 7,000 ಇದೆ ಅಂದುಕೊಳ್ಳೋಣ. ಶೇ. 12 ಮಜೂರಿ, ಅದರ ಮೇಲೆ ಶೇ. 3 ಜಿಎಸ್‌ಟಿ ಸೇರಿದರೆ ಗ್ರಾಮಿಗೆ ಸುಮಾರು 8,075 ಬೀಳುತ್ತದೆ. 40,000ಕ್ಕೆ ಹೆಚ್ಚುಕಡಿಮೆ ಐದು ಗ್ರಾಮಿನ ಒಂದು ಜೊತೆ ಝುಮಕಿ ಆಯಿತು. ಈಗ ರೇಟು ಶೇ. 5 ಏರಲಿ. ಅದೇ ಝುಮಕಿಗೆ ಸುಮಾರು 2,000 ರೂಪಾಯಿ ಜಾಸ್ತಿ ಬೇಕು. ಇಲ್ಲವಾದರೆ ಕಾಲು ಗ್ರಾಮಿನಷ್ಟು ಹಗುರವಾದದ್ದನ್ನು ಆರಿಸುತ್ತಾರೆ. ಅಷ್ಟಕ್ಕೆ ಯಾರೂ ಎದ್ದು ಹೋಗುವುದಿಲ್ಲ.

ರೇಟನ್ನು ಹಾಗೇ ಬಿಟ್ಟು ಮಳೆ ಕೆಡಲಿ. ಎಕರೆಗೆ 12 ಕ್ವಿಂಟಲ್ ಬಂದರೆ ಒಟ್ಟು 48. ಬರೋದು 1,05,600. ಖರ್ಚು ಆಗಲೇ ಆಗಿಹೋಗಿದೆ, ಹಾಗಾಗಿ ಕೈಗೆ ಉಳಿಯೋದು 25,600. ಅದು ಮನೆ ಖರ್ಚಿಗೇ ಸಾಲದು. ಬಂಗಾರ ಗ್ರಾಮಿಗೆ ಸಾವಿರ ಇಳಿದರೂ ಈ ಮನೆಯವರು ನನ್ನ ಮೆಟ್ಟಿಲು ಹತ್ತಲ್ಲ. ರೇಟು ಬದಲಾದರೆ ನನ್ನಲ್ಲಿ ಬದಲಾಗೋದು ತೂಕ. ಮಳೆ ಬದಲಾದರೆ ಗಿರಾಕಿಯೇ ಇಲ್ಲ.

ರೇಟು ಇಳಿದಾಗ ಕೊಂಡಿಟ್ಟುಕೊಳ್ಳಬಹುದಲ್ಲ ಅಂತ ಪೇಟೆಯವರು ಕೇಳುತ್ತಾರೆ. ತಿಂಗಳ ಸಂಬಳ ಇರೋರಿಗೆ ಅದು ಸರಿ. 2024ರ ಜುಲೈ 23ರ ಬಜೆಟ್ಟಿನಲ್ಲಿ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿದು, ರೇಟು ಒಮ್ಮೆಲೇ ಬಿತ್ತು. ಪಟ್ಟಣದ ಮೇಷ್ಟ್ರುಗಳು, ನೌಕರರು ಮಾರನೇ ದಿನವೇ ಬಂದರು. ಹಳ್ಳಿಯವರಿಗೆ ಅದು ಆಷಾಢ, ಮೇಲಾಗಿ ಜೋಳಕ್ಕೆ ಯೂರಿಯಾ ಹಾಕೋ ಹೊತ್ತು. ಆಗ ಬಂಗಾರ ಮನೆಗೆ ಬರುವುದಿಲ್ಲ, ಗಿರವಿಗೆ ಹೋಗುತ್ತದೆ. ಹಳೇ ಗಿರಾಕಿಯೊಬ್ಬರಿಗೆ ರೇಟು ಬಿದ್ದಿದೆ ಅಂತ ಹೇಳಿದ್ದಕ್ಕೆ, "ಸಾವಕಾರ್ರ, ರೇಟ್ ಎಷ್ಟರ ಇರಲಿ. ಗೊಂಜಾಳದ ಪಟ್ಟಿ ಕೈಗೆ ಬರ್ಲಿ, ಆಮ್ಯಾಲ ಬರ್ತೀವಿ" ಅಂದರು. ಪಟ್ಟಿ ಬಂದ ಮೇಲೆ ಅವರು ರೇಟು ಇಳಿಯಲಿ ಅಂತಲೂ ಕಾಯಲಿಲ್ಲ. ಯಾಕಂದ್ರೆ ಕೈಯಲ್ಲಿರೋ ನಗದು ನಿಲ್ಲಲ್ಲ. ಒಬ್ಬರು ಕೈಗಡ ಕೇಳುತ್ತಾರೆ, ಇನ್ನೊಂದು ಕಡೆ ಬೋರ್ ಮೋಟಾರ್ ಸುಡುತ್ತದೆ.

ಹಾಗಾಗಿ ನಾನು ಸರಕು ತುಂಬುವುದು ಮಳೆ ನಕ್ಷತ್ರ ನೋಡಿ. ನಮ್ಮ ಕಡೆ ಜೋಳದ ಬಿತ್ತನೆ ಹೆಚ್ಚಾಗಿ ಮೃಗಶಿರದಲ್ಲಿ, ಅಂದರೆ ಜೂನ್ ಎರಡನೇ ವಾರದ ಹೊತ್ತಿಗೆ. ಐವತ್ತು ಅರವತ್ತು ದಿನಕ್ಕೆ ಸೂಲಂಗಿ ಬಂದು ತೆನೆ ಮೂಡುತ್ತದೆ. ಆಗ ಆಶ್ಲೇಷ, ಮಘೆ ಮಳೆಯ ಕಾಲ, ಹೆಚ್ಚುಕಡಿಮೆ ಇಡೀ ಆಗಸ್ಟ್. ಬೆಳೆಗೆ ನೀರು ತಪ್ಪಬಾರದ ಹೊತ್ತು ಅದೇ. ಜೂನ್‌ನಲ್ಲಿ ಎಷ್ಟೇ ಸುರಿದಿರಲಿ, ಈಗ ಎರಡು ವಾರ ಬಿಸಿಲು ಕಾದರೆ ತೆನೆಯ ತುದಿ ಬೋಳಾಗುತ್ತದೆ. ವರ್ಷದ ಒಟ್ಟು ಮಳೆ ಇಷ್ಟು ಮಿಲಿಮೀಟರ್ ಅನ್ನೋ ಸುದ್ದಿಯಿಂದ ನನಗೆ ಏನೂ ತಿಳಿಯಲ್ಲ. ಮಘೆ ಮುಗಿದ ಮೇಲೆ ಗಿರಾಕಿಗಳನ್ನೇ ತೆನೆ ಹೇಗಿದೆ ಅಂತ ಕೇಳುತ್ತೇನೆ. ತುದಿವರೆಗೆ ಕಾಳು ಕಟ್ಟಿದೆ ಅಂದರೆ ಸೆಪ್ಟೆಂಬರ್‌ನಲ್ಲೇ ಪತ್ತಾರರಿಗೆ ಎಂಟು ಹತ್ತು ಗ್ರಾಮಿನ ಗುಂಡಿನ ಸರ, ಬೋರಮಾಳದ ಆರ್ಡರ್ ಕೊಡುತ್ತೇನೆ. ಇಲ್ಲ ಅಂದರೆ ಎರಡು ಮೂರು ಗ್ರಾಮಿನ ಬೆಂಡೋಲೆ, ತಾಳಿ ಗುಂಡು, ಬೆಳ್ಳಿ ಕಾಲ್ಚೈನು ಅಷ್ಟೇ. ಮದುವೆ ಮನೆಗೆ ತಾಳಿ ಬೇಕೇ ಬೇಕು. ಬರದಲ್ಲೂ ಅದನ್ನು ಮುಂದೂಡಲ್ಲ, ತೂಕ ಇಳಿಸುತ್ತಾರೆ ಇಲ್ಲವೇ ಹಳೇ ಬಂಗಾರ ಮುರಿಸುತ್ತಾರೆ. ಮುರಿಸಲು ಬರೋ ಒಡವೆ ಹೆಚ್ಚಾದರೆ, ಹೊಸದರ ವ್ಯಾಪಾರ ಎಷ್ಟೇ ಆಗಲಿ, ಕಾಲ ಚೆನ್ನಾಗಿಲ್ಲ ಅಂತಲೇ ಅರ್ಥ.

ದುಡ್ಡು ನಿಜವಾಗಿ ಊರಿಗೆ ಬಂತಾ ಅನ್ನೋದಕ್ಕೆ ಇನ್ನೊಂದು ಗುರುತಿದೆ. ನಾನು ಗಿರವಿ ಹಿಡಿಯಲ್ಲ. ಆದರೂ ಬ್ಯಾಂಕಿನಿಂದಲೋ ಸಂಘದಿಂದಲೋ ಬಿಡಿಸಿಕೊಂಡ ಒಡವೆ ಪಾಲಿಶ್ ಮಾಡಿಸಲು ನನ್ನ ಹತ್ತಿರ ಬರುತ್ತದೆ. ಒರೆಗಲ್ಲಿಗೆ ತಿಕ್ಕಿದ ಗೀರು ಅಂಚಿನಲ್ಲಿ ಕಾಣುತ್ತದೆ. ಎಷ್ಟೋ ಸಲ ತೂಕ ಬರೆದ ಚೀಟಿ ಇನ್ನೂ ಚೀಲಕ್ಕೆ ಅಂಟಿರುತ್ತದೆ. ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಬಿಡಿಸುವುದು ಹಳ್ಳಿಯ ರೂಢಿ. ನವೆಂಬರ್ ಶುರುವಿಗೆ ಇಂಥ ಪಾಲಿಶ್ ಕೆಲಸ ಜಾಸ್ತಿಯಾದರೆ, ಕೆಲವೇ ವಾರಗಳಲ್ಲಿ ಕೊಳ್ಳುವವರೂ ಬರುತ್ತಾರೆ. ಬೆಳೆ ಚೆನ್ನಾಗಿದ್ದೂ ಈ ಒಡವೆಗಳು ಬರದಿದ್ದರೆ, ಸಾಮಾನ್ಯವಾಗಿ ಜೋಳ ಇನ್ನೂ ಕಣದಲ್ಲೇ ಇರುತ್ತದೆ. ಚಿತ್ತೆ, ಸ್ವಾತಿ ಮಳೆ ಹಿಡಿದು ಕಾಳಿನಲ್ಲಿ ತೇವ ಉಳಿದರೆ ದರ ಕಡಿಮೆ ಕೂಗುತ್ತಾರೆ, ಬೂಷ್ಟು ಬಂದರಂತೂ ಕೇಳೋರೇ ಇಲ್ಲ. ಕಟಾವಿನ ಹೊತ್ತಿನ ಮಳೆ ನನ್ನ ಮಟ್ಟಿಗೆ ಬರದಷ್ಟೇ ಕೆಟ್ಟದ್ದು.

ಇನ್ನು ಮಳೆಯೊಂದನ್ನೇ ನಂಬಿದರೂ ಕೆಲಸ ಕೆಡುತ್ತದೆ. ಬೆಳೆ ಬಂದು ದರ ಬಿದ್ದರೂ ಆದಾಯ ಇಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ರೊಚ್ಚಿಗೆದ್ದದ್ದು ನೆನಪಿರಬಹುದು. ಅದಕ್ಕೇ ಮೆಣಸಿನಕಾಯಿ ಊರುಗಳಿಗೆ ಬೇಸಿಗೆ ಮದುವೆಯ ಸರಕು ಇಡುವಾಗ ಜನವರಿಯಿಂದಲೇ ಮಾರುಕಟ್ಟೆಯ ಆವಕ, ದರ ಎರಡನ್ನೂ ಬರೆದಿಡುತ್ತೇನೆ. ಕಾಲುವೆ ನೀರಿರೋ ಊರುಗಳ ಲೆಕ್ಕ ಬೇರೆ, ಅಲ್ಲಿ ಮಘೆ ತಪ್ಪಿದರೂ ವ್ಯಾಪಾರ ಪೂರ್ತಿ ನಿಲ್ಲಲ್ಲ. ಶಿವಮೊಗ್ಗ ಕಡೆಯ ಅಡಿಕೆ ಬೆಳೆಗಾರರದ್ದಂತೂ ಪೂರಾ ಬೇರೆ. ಅಡಿಕೆ ಒಣಗಿಸಿ ಇಟ್ಟುಕೊಳ್ಳಬಹುದು, ಬೇಕಾದಾಗ ಮಾರಬಹುದು. ಹಾಗಾಗಿ ಅವರು ಅಡಿಕೆ ರೇಟನ್ನೂ ಬಂಗಾರದ ರೇಟನ್ನೂ ಒಟ್ಟಿಗೆ ತೂಗಿ ನೋಡುತ್ತಾರೆ. ಅಂಥ ಗಿರಾಕಿಗಳ ಮುಂದೆ ನನ್ನ ಮಘೆ ಮಳೆಯ ಲೆಕ್ಕ ನಡೆಯಲ್ಲ, ಅವರಿಗೆ ಆ ದಿನದ ರೇಟನ್ನೇ ಹೇಳಬೇಕು.