2700ರ ಸೆಲ್ಲು ಬಿಟ್ಟು 2000ಕ್ಕೆ ಇಳಿದೆ

ತೀರ್ಥಹಳ್ಳಿ ಕಡೆಯ ಜುಲೈ ತಿಂಗಳು. ಲೈನಿನ ಮೇಲೆ ಮರ ಬಿದ್ದು ಎರಡು ದಿನದಿಂದ ಕರೆಂಟಿಲ್ಲ. ರಾತ್ರಿ ಕೊಟ್ಟಿಗೆಯಲ್ಲಿ ದನ ಕೂಗಿತೆಂದು ಮೊಳೆಗೆ ನೇತುಹಾಕಿದ್ದ ಟಾರ್ಚ್ ತೆಗೆದುಕೊಂಡು ಹೊರಟೆ. ಅಂಗಳ ದಾಟುವಷ್ಟರಲ್ಲಿ ಅದು ಆರಿತು. ಒಳಗಿದ್ದುದು 2700 ಎಂಎಎಚ್ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ, ಚಾರ್ಜ್ ಮಾಡುವ ನಿಕಲ್ ಬಗೆಯ ಎರಡು ಪೆನ್ಸಿಲ್ ಸೆಲ್ಲು. ಮೇ ಕೊನೆಯಲ್ಲಿ ತುಂಬ ಚಾರ್ಜ್ ಮಾಡಿ ಹಾಕಿದ್ದೆ, ಆಮೇಲೆ ಹತ್ತು ನಿಮಿಷವೂ ಉರಿಸಿರಲಿಲ್ಲ. ಹಿಂದೆ ಬರುತ್ತಿದ್ದ ಭಾವ, "ಚಾರ್ಜ್ ಮಾಡುವ ಸೆಲ್ಲಿನ ಹಣೆಬರಹವೇ ಇಷ್ಟು, ಬಿಸಾಡಿ" ಎಂದರು. ಅವರ ಟಾರ್ಚ್ ಅಂಗಡಿಯ ಆಲ್ಕಲೈನ್ ಸೆಲ್ಲಿನಲ್ಲಿ ಉರಿಯುತ್ತಿತ್ತು. ಮಾತನಾಡುವಂತಿರಲಿಲ್ಲ.

ಕೂತಲ್ಲೇ ಖಾಲಿಯಾಗದ ನಿಕಲ್ ಸೆಲ್ಲುಗಳು ಹೊಸವೇನಲ್ಲ. ಸ್ಯಾನ್ಯೋದವರ ಎನೆಲೂಪ್ ಬಂದದ್ದೇ 2005ರಲ್ಲಿ. ನಾನು ಅವುಗಳನ್ನು ಕೊಳ್ಳದೆ ಇದ್ದದ್ದು ಜಿಪುಣತನದಿಂದ: ಮೇಲೆ 2000 ಎಂದು ಬರೆದಿರುತ್ತದೆ, ಬೆಲೆ ಹೆಚ್ಚು. ನಾಲ್ಕಕ್ಕೆ ಸುಮಾರು 1,100 ರೂಪಾಯಿ ಕೊಟ್ಟಾಗ ಅಂಗಡಿಯವರೂ ನಕ್ಕರು. "2700 ಬಿಟ್ಟು 2000 ಕೇಳುವವರು ನೀವೊಬ್ಬರೇ" ಎಂದರು.

ನಾಲ್ಕು ಗೂಡಿನ, ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ಅಳೆಯುವ ಚಾರ್ಜರ್ ಇತ್ತು. ಚಾರ್ಜ್ ಮಾಡಿ ಒಂದು ದಿನ ಬಿಟ್ಟು 500 ಮಿಲಿಆಂಪಿಯರಿನಲ್ಲಿ 0.9 ವೋಲ್ಟಿನವರೆಗೆ ಇಳಿಸಿ ಅಳೆದೆ. ಮತ್ತೆ ಚಾರ್ಜ್ ಮಾಡಿ ಒಂದು ತಿಂಗಳು ಅಲಮಾರಿನಲ್ಲಿಟ್ಟು ಅಳೆದೆ, ಮೂರನೆಯ ಸಲ ಮೂರು ತಿಂಗಳು. ಎರಡು ವರ್ಷದ ಹಳೆಯ ಸೆಲ್ಲನ್ನು ಹೊಸದರ ಜೊತೆ ಹೋಲಿಸುವುದು ಮೋಸ ಎಂದು ಭಾವ ತಕರಾರು ತೆಗೆದರು. ಮಾತು ಸರಿಯೇ. ಇನ್ನೊಂದು 350 ರೂಪಾಯಿ ಹಾಕಿ 2700ರ ಹೊಸ ಜೋಡಿಯನ್ನೂ ತಂದೆ.

ನೆನಪಿನಿಂದ ಹೇಳುತ್ತೇನೆ, ಐವತ್ತು ಆಚೀಚೆ ಇರಬಹುದು. 2700ರ ಹೊಸ ಸೆಲ್ಲು ಮಾರನೆಯ ದಿನ ಕೊಟ್ಟದ್ದು 2350. ತಿಂಗಳ ನಂತರ 1750, ಮೂರು ತಿಂಗಳಿಗೆ 1100ರ ಆಸುಪಾಸು. ಹಳೆಯವು ತಿಂಗಳಿಗೇ 900ಕ್ಕೆ ಕುಸಿದವು, ಅವುಗಳಲ್ಲೊಂದು 200 ದಾಟಲಿಲ್ಲ. ಆ ರಾತ್ರಿ ನನ್ನ ಟಾರ್ಚ್ ಆರಿಸಿದ್ದು ಇದೇ ಮಹಾಶಯ. 2000ದ ಸೆಲ್ಲು ಮಾರನೆಯ ದಿನ 1950, ತಿಂಗಳಿಗೆ 1860, ಮೂರು ತಿಂಗಳಿಗೆ 1800. ಅಂದರೆ ಚಾರ್ಜ್ ಮಾಡಿದ ವಾರದಲ್ಲೇ ಬಳಸಿ ಮುಗಿಸುವವರಿಗೆ 2700 ನಿಜಕ್ಕೂ ಹೆಚ್ಚು. ಮೊಳೆಗೆ ನೇತುಹಾಕುವವರಿಗೆ ಒಂದು ತಿಂಗಳಾಗುವ ಮೊದಲೇ ಲೆಕ್ಕ ತಿರುಗುತ್ತದೆ.

ವ್ಯತ್ಯಾಸವಿರುವುದು ಸೆಲ್ಲಿನೊಳಗೆ ಎರಡು ಧ್ರುವಗಳನ್ನು ಬೇರೆಯಾಗಿಡುವ ಪರದೆಯಲ್ಲಿ ಮತ್ತು ಮಿಶ್ರಲೋಹದಲ್ಲಿ. ಹಳೆಯ ಬಗೆಯ ನೈಲಾನ್ ಪರದೆ ಕ್ಷಾರದಲ್ಲಿ ನಿಧಾನವಾಗಿ ಕೊಳೆತು ಸಾರಜನಕದ ಸಂಯುಕ್ತಗಳನ್ನು ಬಿಡುತ್ತದೆ. ಅವು ಎರಡು ಧ್ರುವಗಳ ನಡುವೆ ಓಡಾಡುತ್ತಾ ಚಾರ್ಜನ್ನು ಹೊತ್ತು ಕಳೆಯುತ್ತವೆ. ಲೋಹದಿಂದ ಕರಗಿದ ಕೋಬಾಲ್ಟ್, ಮ್ಯಾಂಗನೀಸ್ ಪರದೆಯಲ್ಲಿ ಕೂತು ಸಣ್ಣ ಸೇತುವೆ ಕಟ್ಟುವುದೂ ಉಂಟು. ಹೊಸ ಬಗೆಯಲ್ಲಿ ಗಂಧಕ ಸೇರಿಸಿ ಸಂಸ್ಕರಿಸಿದ ಪಾಲಿಪ್ರೊಪಿಲೀನ್ ಪರದೆಯನ್ನೂ ಇಂಥ ಲೋಹಗಳನ್ನು ಬಿಟ್ಟ ಮಿಶ್ರಣವನ್ನೂ ಹಾಕಿ ಈ ದಾರಿಗಳನ್ನು ಮುಚ್ಚಿದ್ದಾರೆ.

ಸೆಕೆಯಲ್ಲಿ ಚಾರ್ಜ್ ಸೋರುವುದು ಹೆಚ್ಚು, ತಂಪಿನಲ್ಲಿ ಕಡಿಮೆ ಎಂದು ಗೊತ್ತಿದ್ದರಿಂದ 2700ರ ಜೋಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲೂ ಒಂದು ತಿಂಗಳು ಇಟ್ಟು ನೋಡಿದೆ. 2100 ಉಳಿಯಿತು. ಆದರೆ ಟಾರ್ಚನ್ನೇ ಮೊಸರಿನ ಪಕ್ಕದಲ್ಲಿಡಲು ಮನೆಯಲ್ಲಿ ಒಪ್ಪಲಿಲ್ಲ, ಹೊರತೆಗೆದ ಸೆಲ್ಲಿನ ಮೇಲೆ ನೀರೂ ಕೂರುತ್ತದೆ. ಪ್ರಯೋಗ ಅಲ್ಲಿಗೆ ಮುಗಿಯಿತು.

ಈಗ ನಾನು ಹಣ ಕಳೆದ ಜಾಗ. ಈ ಚಾರ್ಜರಿಗೆ ಮೊದಲು 250 ರೂಪಾಯಿಯದೊಂದಿತ್ತು. ಎರಡೆರಡು ಸೆಲ್ಲನ್ನು ಸರಣಿಯಲ್ಲಿ ಸೇರಿಸಿ, ಗಂಟೆ ಎಣಿಸಿ ನಿಲ್ಲಿಸುವ ಮಾದರಿ. ಅರ್ಧ ತುಂಬಿದ್ದನ್ನೂ ಖಾಲಿಯದನ್ನೂ ಜೊತೆಗೆ ಹಾಕಿದರೆ ಒಂದು ಬೇಯುತ್ತದೆ, ಇನ್ನೊಂದು ತುಂಬುವುದಿಲ್ಲ. ನನ್ನ ಹಳೆಯ 2700ಗಳ ಆಯಸ್ಸು ಹೋದದ್ದು ಬಹುಪಾಲು ಅಲ್ಲೇ. ಒಳ್ಳೆಯ ಚಾರ್ಜರ್ ತಂದ ಮೇಲೂ ಒಂದು ತಪ್ಪು ಮಾಡಿದೆ. ನಿಧಾನವಾದರೆ ಸೆಲ್ಲಿಗೆ ಹಿತ ಎಂದು 200 ಮಿಲಿಆಂಪಿಯರಿಗೆ ಇಟ್ಟೆ. ಅಷ್ಟು ಕಡಿಮೆ ಪ್ರವಾಹದಲ್ಲಿ ತುಂಬಿದಾಗ ಆಗುವ ವೋಲ್ಟೇಜಿನ ಸಣ್ಣ ಇಳಿತ ಚಾರ್ಜರಿಗೆ ಕಾಣಲಿಲ್ಲ. ಬೆಳಿಗ್ಗೆ ನೋಡಿದರೆ ನಾಲ್ಕೂ ಸೆಲ್ಲು ಬೆಚ್ಚಗೆ, ಚಾರ್ಜರಿನ ಪರದೆಯ ಮೇಲೆ 3100 ಎಂಬ ಅಂಕಿ. 2000ದ ಸೆಲ್ಲಿಗೆ 3100 ಹೋಗಿದೆ ಎಂದರೆ ಉಳಿದದ್ದೆಲ್ಲ ಶಾಖ. ಈಗ ದೊಡ್ಡ ಪೆನ್ಸಿಲ್ ಸೆಲ್ಲಿಗೆ 1000, ಸಣ್ಣದಕ್ಕೆ 400 ಇಡುತ್ತೇನೆ, ಸರಿಯಾಗಿ ನಿಲ್ಲುತ್ತದೆ.

ಟಾರ್ಚಿನಲ್ಲಿ ಒಂದು ಎಚ್ಚರ ಬೇಕು. ಆಲ್ಕಲೈನ್ ಮಂಕಾಗುತ್ತಾ ಮುನ್ಸೂಚನೆ ಕೊಡುತ್ತದೆ. ನಿಕಲ್ ಸೆಲ್ಲು 1.2 ವೋಲ್ಟಿನಲ್ಲೇ ಬಹಳ ಹೊತ್ತು ನಿಂತು ಕೊನೆಯಲ್ಲಿ ದಿಢೀರನೆ ಬೀಳುತ್ತದೆ. ನನ್ನದು ಎರಡೂವರೆ ಗಂಟೆ ಒಂದೇ ಸಮನೆ ಉರಿದು ಒಂದೆರಡು ನಿಮಿಷದಲ್ಲಿ ಆರುತ್ತದೆ. ಆಗ ಇನ್ನೂ ಸ್ವಲ್ಪ ಬೆಳಕು ಬರಲಿ ಎಂದು ಒತ್ತುತ್ತಾ ಕೂತರೆ ಮೊದಲು ಖಾಲಿಯಾದ ಸೆಲ್ಲನ್ನು ಇನ್ನೊಂದು ಉಲ್ಟಾ ಚಾರ್ಜ್ ಮಾಡುತ್ತದೆ. ಹಾಗೆ ಒಂದು ಒಳ್ಳೆಯ ಸೆಲ್ಲನ್ನು ನಾನೇ ಕೊಂದಿದ್ದೇನೆ. ಅಳತೆಯಲ್ಲಿ ಹತ್ತಿರವಿರುವ ಎರಡನ್ನು ಜೋಡಿ ಮಾಡಿ, ಬಣ್ಣದ ಚುಕ್ಕೆ ಹಾಕಿ, ಸಾಯುವವರೆಗೆ ಬೇರೆ ಮಾಡದೆ ಇಡುವುದೇ ದಾರಿ. ಜೋಡಿ ಆರಿಸಲು ಸಾಮರ್ಥ್ಯದ ಜೊತೆ ಇನ್ನೊಂದು ಅಂಕಿಯನ್ನೂ ನೋಡುತ್ತೇನೆ. ಅದು ಯಾವುದೆಂದು ಈಗ ಹೇಳುವುದಿಲ್ಲ, ಅದಕ್ಕಾಗಿ ನನ್ನ ಒಂದು ಮಳೆಗಾಲ ಖರ್ಚಾಗಿದೆ.

ರಿಮೋಟಿನ ಕತೆ ಬೇರೆ. ಅದು ತಿನ್ನುವುದೇ ಅಷ್ಟಿಷ್ಟು. ಸಾಮಾನ್ಯ ನಿಕಲ್ ಸೆಲ್ಲು ಹಾಕಿದರೆ ರಿಮೋಟ್ ತಿನ್ನುವುದಕ್ಕಿಂತ ಸೆಲ್ಲು ತನ್ನನ್ನು ತಾನೇ ತಿನ್ನುವುದು ಹೆಚ್ಚು: ಮೂರು ತಿಂಗಳಿಗೊಮ್ಮೆ ತೆಗೆದು ಚಾರ್ಜ್ ಮಾಡಬೇಕಾಯಿತು. ಹೊಸ ಬಗೆಯ ಸಣ್ಣ ಪೆನ್ಸಿಲ್ ಸೆಲ್ಲು ಟಿವಿ ರಿಮೋಟಿನಲ್ಲಿ ಒಂದೂವರೆ ವರ್ಷ ನಡೆಯಿತು. ಸೆಟ್‌ಟಾಪ್ ಬಾಕ್ಸಿನ ರಿಮೋಟ್ ಮಾತ್ರ ಎರಡಕ್ಕೆ ಸೇರಿ 2.4 ವೋಲ್ಟ್ ಸಾಲದೆಂದು ಮುನಿಸಿಕೊಂಡು, ಎದುರಿಗೆ ಹಿಡಿದರಷ್ಟೇ ಕೇಳುತ್ತಿತ್ತು.

ದುಡ್ಡಿನ ಲೆಕ್ಕದಲ್ಲಿ ರಿಮೋಟಿಗೆ ಇವು ಎಂದೂ ಗಿಟ್ಟುವುದಿಲ್ಲ. ಹತ್ತು ರೂಪಾಯಿಯ ಸಾದಾ ಸೆಲ್ಲೇ ಎಂಟು ತಿಂಗಳು ಬರುತ್ತದೆ. ಆದರೂ ಹಾಕಿದ್ದೇನೆ, ಏಕೆಂದರೆ ಮರೆತುಬಿಟ್ಟ ಸಾದಾ ಸೆಲ್ಲು ಸೋರಿ ಸ್ಪ್ರಿಂಗ್ ತುಕ್ಕು ಹಿಡಿಸಿ ಎರಡು ರಿಮೋಟ್ ಕೆಡಿಸಿದೆ, ಒಂದಕ್ಕೆ 300 ರೂಪಾಯಿ. ಟಾರ್ಚಿನಲ್ಲಿ ಲೆಕ್ಕ ಸಲೀಸು. ಮಳೆಗಾಲದಲ್ಲಿ ಹತ್ತು ದಿನಕ್ಕೊಂದು ಆಲ್ಕಲೈನ್ ಜೋಡಿ, ಜೋಡಿಗೆ 70 ರೂಪಾಯಿ, ನಾಲ್ಕು ತಿಂಗಳಿಗೆ 840. ಸೆಲ್ಲಿನ ದುಡ್ಡು ಎರಡನೆಯ ಮಳೆಗಾಲದ ನಡುವೆಯೇ ಬಂತು, 1,600ರ ಚಾರ್ಜರಿನದು ಬರಲು ನಾಲ್ಕನೆಯದು ಬೇಕಾಯಿತು.

ಭಾವ ಕಳೆದ ಜೂನ್‌ನಲ್ಲಿ ಸದ್ದಿಲ್ಲದೆ ನಾಲ್ಕು ಸೆಲ್ಲು ತರಿಸಿಕೊಂಡರು. ಚಾರ್ಜರ್ ತರಿಸಿಲ್ಲ. ಹದಿನೈದು ದಿನಕ್ಕೊಮ್ಮೆ ನಮ್ಮಲ್ಲಿಗೆ ಕಾಫಿಗೆ ಬರುತ್ತಾರೆ, ಜೇಬಿನಲ್ಲಿ ನಾಲ್ಕು ಸೆಲ್ಲು ಇರುತ್ತವೆ.