ವಾರಂಟ್ ಇಲ್ಲದ ಶೋಧ: ಪ್ರಶ್ನೆ ಬಿಡಿಸುವುದು ಹೇಗೆ?

ಕಾನೂನು ಪರೀಕ್ಷೆಗಳಲ್ಲಿ ಪದೇಪದೇ ಬರುವ ಒಂದು ಬಗೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಗೋದಾಮೊಂದರಿಂದ 20 ಚೀಲ ಅಡಿಕೆ ಕಳುವಾಗಿದೆ. ಅದೇ ಠಾಣೆಯ ವ್ಯಾಪ್ತಿಯ ಒಂದು ಶೆಡ್ಡಿನಲ್ಲಿ ಮಾಲು ಇದೆ, ರಾತ್ರಿಯೇ ಲಾರಿಗೆ ತುಂಬುತ್ತಾರೆ ಎಂಬ ಮಾಹಿತಿ ಸಂಜೆ 7ಕ್ಕೆ ತನಿಖಾಧಿಕಾರಿಯಾದ ಪಿಎಸ್‌ಐಗೆ ಸಿಗುತ್ತದೆ. ಅವರು ವಾರಂಟ್ ಇಲ್ಲದೆ ಹೋಗಿ 12 ಚೀಲ ಜಪ್ತಿ ಮಾಡುತ್ತಾರೆ. ಸ್ಥಳೀಯರಿಬ್ಬರು ಪಂಚರಾಗಿದ್ದಾರೆ. ಆದರೆ ಕೇಸ್ ಡೈರಿಯಲ್ಲಿ ಕಾರಣ ಬರೆದಿಲ್ಲ. ಈ ಶೋಧ ಕಾನೂನುಬದ್ಧವೇ?

‘ಇದು ವಾರಂಟ್ ಪ್ರಕರಣ, ಆದ್ದರಿಂದ ವಾರಂಟ್ ಬೇಕಿತ್ತು’ ಎಂದು ಹಲವರು ಶುರು ಮಾಡುತ್ತಾರೆ. ಅಲ್ಲೇ ಉತ್ತರ ದಾರಿ ತಪ್ಪುತ್ತದೆ. ಮರಣದಂಡನೆ, ಜೀವಾವಧಿ ಅಥವಾ 2 ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಅಪರಾಧದ ಪ್ರಕರಣ ವಾರಂಟ್ ಪ್ರಕರಣ. ಉಳಿದದ್ದು ಸಮನ್ಸ್ ಪ್ರಕರಣ. ಇದು ಮುಖ್ಯವಾಗಿ ವಿಚಾರಣೆಯ ಕ್ರಮವನ್ನು ಹೇಳುವ ವಿಂಗಡಣೆ. ವಾರಂಟ್ ಪ್ರಕರಣದಲ್ಲೂ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಕರೆಸಲು ಸಮನ್ಸನ್ನೇ ಹೊರಡಿಸಬಹುದು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕಲಂ 227). ಸಮನ್ಸ್ ಎಂದರೆ ‘ಹಾಜರಾಗಿ’ ಅಥವಾ ‘ಇದನ್ನು ಹಾಜರುಪಡಿಸಿ’ ಎಂದು ಆ ವ್ಯಕ್ತಿಗೇ ಕೊಡುವ ಆದೇಶ. ಬಂಧನದ ವಾರಂಟ್ ಸಾಮಾನ್ಯವಾಗಿ ಪೊಲೀಸರಿಗೆ ಕೊಡುವ ಆದೇಶ. ಜಾರಿಯಾಗುವವರೆಗೆ ಅಥವಾ ನ್ಯಾಯಾಲಯ ರದ್ದು ಮಾಡುವವರೆಗೆ ಅದಕ್ಕೆ ಜೀವವಿರುತ್ತದೆ. ಶೋಧದ ವಾರಂಟ್ ಇವೆರಡಕ್ಕಿಂತ ಬೇರೆ, ಅದು ಸ್ಥಳವನ್ನು ಹುಡುಕಲು ಕೊಡುವ ಆದೇಶ.

ಮೊದಲ ಹೆಜ್ಜೆಯಾಗಿ, ವಸ್ತುವನ್ನು ಕೇಳಿ ಪಡೆಯಬಹುದಿತ್ತೇ ಎಂದು ನೋಡಿ. ಬ್ಯಾಂಕಿನಲ್ಲಿರುವ ಲೆಕ್ಕಪತ್ರವಾದರೆ ಅದೇ ಸಂಹಿತೆಯ ಕಲಂ 94ರ ಸಮನ್ಸ್ ಅಥವಾ ಲಿಖಿತ ಆದೇಶ ಸಾಕು. ಕೊಡಲಾರರು ಎಂದು ನಂಬಲು ಕಾರಣವಿದ್ದರೆ, ಅಥವಾ ವಸ್ತು ಯಾರ ಬಳಿ ಇದೆಯೆಂದೇ ಗೊತ್ತಿಲ್ಲದಿದ್ದರೆ, ನ್ಯಾಯಾಲಯ ಕಲಂ 96ರಡಿ ಶೋಧದ ವಾರಂಟ್ ಕೊಡಬಹುದು. ನೆನಪಿಡಬೇಕಾದ ಮಿತಿಯೊಂದಿದೆ: ವಸ್ತು ಹಾಜರುಪಡಿಸುವ ಸಮನ್ಸನ್ನು ಆರೋಪಿಗೇ ಕೊಡುವಂತಿಲ್ಲ ಎಂದು ಶ್ಯಾಮಲಾಲ್ ಚೋಕ್ಸಿ ಪ್ರಕರಣದಲ್ಲಿ (1965) ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೆಯದು, ವಾರಂಟ್ ತರುವಷ್ಟು ಸಮಯವಿತ್ತೇ? ನಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ತಡವಾದರೆ ವಸ್ತು ಸಿಗುವುದಿಲ್ಲ ಎಂಬಂಥ ಸಂದರ್ಭಕ್ಕಾಗಿಯೇ ಕಲಂ 185 ಇದೆ. ತನಿಖೆಗೆ ಬೇಕಾದ ವಸ್ತು ತನ್ನ ಠಾಣಾ ವ್ಯಾಪ್ತಿಯ ಸ್ಥಳದಲ್ಲಿದೆ, ಅನುಚಿತ ವಿಳಂಬವಿಲ್ಲದೆ ಬೇರೆ ದಾರಿಯಲ್ಲಿ ಸಿಗದು ಎಂದು ನಂಬಲು ಅಧಿಕಾರಿಗೆ ಸಮಂಜಸ ಕಾರಣ ಇರಬೇಕು. ರಾತ್ರಿಯೇ ಲಾರಿ ಹೊರಡುತ್ತದೆ ಎಂಬ ಮಾಹಿತಿ ಇದಕ್ಕೆ ಹೊಂದುತ್ತದೆ. ಅದೇ ಮಾಹಿತಿ ಮೂರು ದಿನ ಮೊದಲೇ ಸಿಕ್ಕು ಪಿಎಸ್‌ಐ ಸುಮ್ಮನಿದ್ದಿದ್ದರೆ ಈ ವಾದ ನಿಲ್ಲುವುದು ಕಷ್ಟ. ಹಾಗಾಗಿ ಪ್ರಶ್ನೆಯಲ್ಲಿ ಕೊಟ್ಟ ದಿನ, ಗಂಟೆಗಳಿಗೆ ಗೆರೆ ಎಳೆದುಕೊಳ್ಳಿ.

ಆದರೆ ಅಧಿಕಾರದ ಜೊತೆಗೆ ಬರವಣಿಗೆಯ ಹೊಣೆಯೂ ಬರುತ್ತದೆ. ಶೋಧಕ್ಕೆ ಮುನ್ನವೇ, ನಂಬಿಕೆಗೆ ಕಾರಣವೇನು, ಹುಡುಕುವ ವಸ್ತು ಯಾವುದು ಎಂದು ಕೇಸ್ ಡೈರಿಯಲ್ಲಿ ಬರೆಯಬೇಕು. ದಾಖಲೆಯ ಪ್ರತಿಯನ್ನು ಕೂಡಲೇ, ತಡವೆಂದರೆ 48 ಗಂಟೆಯೊಳಗೆ, ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ‘ಕೂಡಲೇ’ ಎಂದಷ್ಟೇ ಇತ್ತು. ಗಂಟೆಯ ಲೆಕ್ಕ ಹೊಸ ಸಂಹಿತೆ ಜಾರಿಯಾದ 2024ರ ಜುಲೈ 1ರಿಂದ ಬಂದದ್ದು.

ಶೋಧ ನಡೆದ ರೀತಿಯನ್ನು ಪರೀಕ್ಷಿಸುವುದು ಮೂರನೆಯ ಹೆಜ್ಜೆ. ಕಲಂ 103ರ ಪ್ರಕಾರ ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ, ಗೌರವಾನ್ವಿತ ನಿವಾಸಿಗಳು ಎದುರಿಗಿರಬೇಕು. ಜಪ್ತಿಯಾದ ವಸ್ತುಗಳ ಪಟ್ಟಿಗೆ ಅವರ ಸಹಿ ಬೇಕು, ಸ್ಥಳದಲ್ಲಿ ವಾಸವಿರುವವರಿಗೆ ಅದರ ಪ್ರತಿ ಕೊಡಬೇಕು. ಕಲಂ 105 ಶೋಧವನ್ನೂ ಜಪ್ತಿಯನ್ನೂ ವಿಡಿಯೊ ಮಾಡಬೇಕೆನ್ನುತ್ತದೆ. ಮೊಬೈಲ್ ಫೋನ್ ಆದರೂ ಸರಿ. ಪ್ರಶ್ನೆಯಲ್ಲಿ ವಿಡಿಯೊದ ಮಾತೇ ಇಲ್ಲದಿದ್ದರೆ, ‘ಇತ್ತು’ ಎಂದು ನೀವಾಗಿ ಊಹಿಸಬೇಡಿ. ಇಲ್ಲದಿದ್ದರೆ ಅದೂ ಲೋಪವೇ ಎಂದು ಬರೆಯಿರಿ.

ಇನ್ನು ಫಲಿತಾಂಶ. ಕಾರಣ ಬರೆಯದ್ದರಿಂದ ಈ ಶೋಧ ಕಲಂ 185ಕ್ಕೆ ವಿರುದ್ಧ. ಹಾಗೆಂದು 12 ಚೀಲ ಅಡಿಕೆ ಸಾಕ್ಷ್ಯದಿಂದ ತಾನಾಗಿ ಹೊರಗುಳಿಯುವುದಿಲ್ಲ. ರಾಧಾ ಕಿಶನ್ ಪ್ರಕರಣದಲ್ಲಿ (1963) ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಅಕ್ರಮ ಶೋಧಕ್ಕೆ ಆ ಸ್ಥಳದವರು ಅಡ್ಡಿಪಡಿಸಬಹುದು, ನ್ಯಾಯಾಲಯ ಜಪ್ತಿಯ ಸಾಕ್ಷ್ಯವನ್ನು ಎಚ್ಚರದಿಂದ ತೂಗಬಹುದು, ಆದರೆ ಆ ಕಾರಣಕ್ಕೇ ಜಪ್ತಿ ಅಸಿಂಧುವಾಗದು. ಆದ್ದರಿಂದ ಉತ್ತರ ಮೂರು ತುಂಡಾಗಿರಬೇಕು: ವಾರಂಟ್ ಇಲ್ಲದ್ದು ದೋಷವಲ್ಲ, ಕಾರಣ ಬರೆಯದ್ದು ದೋಷ, ಆ ದೋಷ ಸಾಕ್ಷ್ಯದ ತೂಕವನ್ನು ತಗ್ಗಿಸಬಹುದು, ಅಳಿಸುವುದಿಲ್ಲ.

ಅಡಿಕೆಯ ಬದಲು ಗಾಂಜಾ ಇದ್ದು, ವ್ಯಕ್ತಿಯ ಮೈ ತಪಾಸಣೆ ನಡೆದಿದ್ದರೆ ಈ ಉತ್ತರ ನಡೆಯದು. ಮಾದಕವಸ್ತು ಕಾಯ್ದೆಯ ಕಲಂ 50ರ ಪ್ರಕಾರ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಕೇಳುವ ಹಕ್ಕಿದೆಯೆಂದು ಆತನಿಗೆ ಮೊದಲೇ ತಿಳಿಸದಿದ್ದರೆ, ಆ ತಪಾಸಣೆಯಲ್ಲಿ ಸಿಕ್ಕ ಮಾಲನ್ನು ಅಕ್ರಮ ಸ್ವಾಧೀನದ ಪುರಾವೆಯಾಗಿ ಬಳಸುವಂತಿಲ್ಲ.